ಆಯಾಮ: ಉದ್ದವೆಂದಿದ್ದ ಒಂದು ಮಾತು

ಕನ್ನಡ ಪತ್ರಿಕೆಗಳಲ್ಲಿ ದುಡಿದು ದುಡಿದು ದಣಿದಿರುವ ಪದಗಳನ್ನು ಎಣಿಸಹೊರಟರೆ ‘ಆಯಾಮ’ ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ತನಿಖೆಗೆ ಹೊಸ ಆಯಾಮ, ಚುನಾವಣೆಗೆ ಹೊಸ ಆಯಾಮ, ನಟಿಯ ಎರಡನೇ ಚಿತ್ರಕ್ಕೂ ಹೊಸ ಆಯಾಮ. ಯಾವುದಕ್ಕಾದರೂ ಏನೋ ಒಂದು ಸೇರಿತು ಎನ್ನುವುದಕ್ಕೆ ಈ ಮಾತನ್ನು ಬಳಸುತ್ತೇವೆಯೇ ಹೊರತು ಎಷ್ಟು ಸೇರಿತು, ಯಾವ ದಿಕ್ಕಿಗೆ ಸೇರಿತು ಎಂದು ಯಾರೂ ಕೇಳುವುದಿಲ್ಲ. ಇದೇ ಪದ ಇನ್ನೊಂದು ಕಡೆ, ಇಂಜಿನಿಯರಿಂಗ್ ತರಗತಿಯಲ್ಲಿ, ಲೆಕ್ಕದ ಅಂಗುಲ ಅಂಗುಲಕ್ಕೂ ಉತ್ತರ ಕೇಳುವ ಕಟ್ಟುನಿಟ್ಟಿನ ಮೇಷ್ಟ್ರಾಗಿ ಬದುಕಿದೆ.

ಹುಟ್ಟಿನ ವಿಚಾರದಲ್ಲಿ ಗೊಂದಲವಿಲ್ಲ. ಸಂಸ್ಕೃತದ ‘ಯಮ್’ ಧಾತು, ಹಿಡಿ, ಬಿಗಿ, ಚಾಚು ಎಂಬ ಅರ್ಥದ್ದು. ಯಮ, ನಿಯಮ, ಸಂಯಮ ಎಲ್ಲ ಅದರ ಮಕ್ಕಳು. ಮುಂದೆ ‘ಆ’ ಸೇರಿದಾಗ ಹಿಡಿಯುವುದಕ್ಕಿಂತ ಚಾಚುವುದು ಮುಖ್ಯವಾಗುತ್ತದೆ. ಚಾಚಿದ್ದು ಆಯತ, ಚಾಚುವಿಕೆ ಆಯಾಮ. ಶಾಲೆಯಲ್ಲಿ ನಾಲ್ಕು ಮೂಲೆಯ ಉದ್ದನೆಯ ಆಕೃತಿಗೆ ಆಯತ ಎನ್ನುವುದು ಅದು ಒಂದು ಕಡೆ ಚಾಚಿಕೊಂಡ ಚೌಕವಾದ್ದರಿಂದ. ಉಸಿರನ್ನು ಚಾಚಿದರೆ ಪ್ರಾಣಾಯಾಮ, ಕೈಕಾಲು ಚಾಚಿದರೆ ವ್ಯಾಯಾಮ. ಅಮರಕೋಶದಲ್ಲಿ ಆಯಾಮವು ‘ದೈರ್ಘ್ಯ’ದ ಪಕ್ಕದಲ್ಲಿ ಕೂತಿದೆ. ಅಗಲಕ್ಕೆ ಅಲ್ಲಿ ಬೇರೆಯೇ ಹೆಸರುಗಳಿವೆ. ಅಂದರೆ ‘ಮೂರು ಆಯಾಮ’ ಎಂಬ ನಮ್ಮ ಮಾತು ಅಮರಸಿಂಹನ ಕಿವಿಗೆ ‘ಮೂರು ಉದ್ದ’ ಎಂದು ಕೇಳಿಸೀತು.

ಕನ್ನಡ ನೆಲದಲ್ಲಿ ಈ ಪದವನ್ನು ಲೆಕ್ಕಕ್ಕೆ ಹಚ್ಚಿದವರಲ್ಲಿ ಮಹಾವೀರಾಚಾರ್ಯನೂ ಒಬ್ಬ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಅವನು ಬರೆದ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’ದ ಕ್ಷೇತ್ರಗಣಿತದಲ್ಲಿ ಹೊಲದ ಒಂದು ಬದಿ ಆಯಾಮ, ಇನ್ನೊಂದು ಬದಿ ವಿಸ್ತಾರ. ಎರಡನ್ನೂ ಗುಣಿಸಿದರೆ ಹೊಲದ ಅಳತೆ. ಮುಂದೆ 12ನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ಕ್ಷೇತ್ರಗಣಿತ’, ‘ವ್ಯವಹಾರಗಣಿತ’ಗಳನ್ನು ಬರೆದ. ಅಲ್ಲಿಯವರೆಗೂ ಆಯಾಮ ಎಂದರೆ ಕೋಲಿಟ್ಟು ಅಳೆಯಬಹುದಾದ ಉದ್ದ. ಆದರೆ ಪ್ರಾಣಾಯಾಮದಲ್ಲಿ ಅದು ಆಗಲೇ ಕೋಲು ಬಿಟ್ಟು ಕಾಲದೊಳಗೆ ಚಾಚಿತ್ತು ಎಂಬುದನ್ನು ಗಮನಿಸಬೇಕು. ಉದ್ದವಲ್ಲದ್ದಕ್ಕೂ ಈ ಪದ ಒದಗಬಹುದೆಂಬ ಸುಳಿವು ಅಲ್ಲೇ ಇತ್ತು.

ಆ ಒದಗುವಿಕೆಗೆ ಕಾರಣವಾದದ್ದು ಫ್ರಾನ್ಸಿನಲ್ಲಿ ನಡೆದ ಒಂದು ಕೆಲಸ. 1822ರಲ್ಲಿ ಜೋಸೆಫ್ ಫೂರಿಯೆ ಶಾಖದ ಹರಿವಿನ ಬಗ್ಗೆ ಬರೆದ ಪುಸ್ತಕದಲ್ಲಿ, ರೇಖಾಗಣಿತದ ‘ಡೈಮೆನ್ಶನ್’ ಪದವನ್ನು ಕಾಲಕ್ಕೂ ಉಷ್ಣತೆಗೂ ವಿಸ್ತರಿಸಿದ. ಒಂದು ಸಮೀಕರಣದಲ್ಲಿ ಕೂಡಿಸುವ, ಸಮ ಎನ್ನುವ ಪ್ರತಿಯೊಂದು ಪದಕ್ಕೂ ಒಂದೇ ಡೈಮೆನ್ಶನ್ ಇರಬೇಕು. ಇಲ್ಲದಿದ್ದರೆ ಅಳತೆಯ ಮಾನ ಬದಲಿಸಿದ ಕೂಡಲೇ ಸಮೀಕರಣ ಸುಳ್ಳಾಗುತ್ತದೆ ಎಂಬುದು ಅವನ ವಾದ. ಮುಂದೆ ಮ್ಯಾಕ್ಸ್‌ವೆಲ್ ದ್ರವ್ಯರಾಶಿ, ಉದ್ದ, ಕಾಲಗಳಿಗೆ M, L, T ಎಂಬ ಅಕ್ಷರಗಳನ್ನು ರೂಢಿಗೆ ತಂದ. ಆ ಪದ ಭಾರತದ ಭಾಷೆಗಳಿಗೆ ಬಂದಾಗ ಹಿಂದಿಯವರು ‘ವಿಮಾ’ ಎಂದರು, ಮರಾಠಿಯವರು ‘ಮಿತಿ’ ಎಂದರು. ಎರಡೂ ‘ಮಾ’ ಧಾತುವಿನವು, ಅಳೆ ಎಂಬ ಅರ್ಥದವು, ಲ್ಯಾಟಿನ್ ಮೂಲಕ್ಕೂ ಹತ್ತಿರದವು. ಕನ್ನಡ ‘ಆಯಾಮ’ವನ್ನು ಹಿಡಿಯಿತು. ನನ್ನ ಮಟ್ಟಿಗೆ ನಮ್ಮ ಆಯ್ಕೆಯೇ ಮೇಲು. ಅಳೆದು ಬಂದ ಅಂಕಿ ಮಾನ ಬದಲಾದರೆ ಬದಲಾಗುತ್ತದೆ. ಆದರೆ ಒಂದು ರಾಶಿ ಯಾವುದರ ಕಡೆ, ಎಷ್ಟು ಮಡಿ ಚಾಚಿಕೊಂಡಿದೆ ಎಂಬುದು ಮಾನ ಬದಲಾದರೂ ಬದಲಾಗದು. ವೇಗವನ್ನು ಮೀಟರಿನಲ್ಲಿ ಹೇಳಿ, ಅಡಿಯಲ್ಲಿ ಹೇಳಿ, ಅದು ಉದ್ದದ ಕಡೆ ಒಂದು ಮಡಿ, ಕಾಲದ ಕಡೆ ಋಣ ಒಂದು ಮಡಿ.

ಸಿದ್ಧಾಂತ ಬರುವ ಮೊದಲು ನಮ್ಮ ರೈತರಿಗೆ ಈ ತೊಡಕು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಖಂಡುಗವನ್ನೇ ನೋಡಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಅದು ಧಾನ್ಯ ಅಳೆಯುವ ಮಾನ, ಅಂದರೆ ಘನ ಅಳತೆ, ಉದ್ದದ ಮೂರು ಮಡಿ. ಆದರೆ ಶಾಸನಗಳಲ್ಲಿ ದಾನ ಕೊಟ್ಟ ಗದ್ದೆಯನ್ನೂ ಖಂಡುಗದಲ್ಲೇ ಹೇಳುತ್ತಾರೆ. ಅಷ್ಟು ಬೀಜ ಹಿಡಿಸುವ ನೆಲ ಎಂದು ಅರ್ಥ. ನೆಲ ಉದ್ದದ ಎರಡು ಮಡಿ ಮಾತ್ರ. ಮೂರು ಮಡಿಯದ್ದನ್ನು ಎರಡು ಮಡಿಯದ್ದಕ್ಕೆ ಸಮ ಎಂದರೆ ನಡುವೆ ಒಂದು ಉದ್ದ ಬಚ್ಚಿಟ್ಟುಕೊಂಡಿದೆ ಎಂದಾಯಿತು. ಏನದು? ಬಿತ್ತಿದ ಬೀಜವನ್ನೆಲ್ಲ ನೆಲದ ಮೇಲೆ ಸಮನಾಗಿ ಹರಡಿದರೆ ಆಗುವ ಪದರದ ದಪ್ಪ. ಹೆಕ್ಟೇರಿಗೆ 80 ಕಿಲೋ ಭತ್ತ ಬಿತ್ತುತ್ತೇವೆ ಎಂದಿಟ್ಟುಕೊಂಡರೆ ಆ ದಪ್ಪ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು, ತಲೆಗೂದಲಿಗಿಂತ ತೆಳ್ಳಗೆ. ಮಳೆಯನ್ನು ಇಂಚಿನಲ್ಲಿ ಹೇಳುವುದೂ ಇದೇ ಲೆಕ್ಕ. ಅಲ್ಲಿ ದಪ್ಪ ಎದ್ದು ಕಾಣುತ್ತದೆ, ಖಂಡುಗದಲ್ಲಿ ಮರೆಯಾಗಿದೆ. ಹಾಗಾಗಿಯೇ ಹಳೆಯ ಮೈಸೂರಿನಲ್ಲಿ ಬೆದ್ದಲಿನ ಖಂಡುಗ ಬೇರೆ, ಗದ್ದೆಯ ಖಂಡುಗ ಬೇರೆ. ಒತ್ತಾಗಿ ಬಿತ್ತುವ ಗದ್ದೆಯ ಖಂಡುಗ ಚಿಕ್ಕದು, ವಿರಳವಾಗಿ ಬಿತ್ತುವ ಬೆದ್ದಲಿನದು ದೊಡ್ಡದು. ಒಂದೇ ಹೆಸರಿನ ಅಂಕಿ ಜಾಗಕ್ಕೆ ತಕ್ಕಂತೆ ಬೇರೆ ಬೇರೆಯಾದರೆ ಅದರ ಹೊಟ್ಟೆಯಲ್ಲಿ ಏನೋ ಇದೆ ಎಂದು ತಿಳಿಯಬೇಕು. ಆಯಾಮ ವಿಶ್ಲೇಷಣೆಯ ಕೆಲಸ ಅದನ್ನು ಕಕ್ಕಿಸುವುದು.

ಈ ವಿಶ್ಲೇಷಣೆ ನಡೆಯುವುದು ಹೇಗೆಂದು ನೋಡಲು ಈಗ ಶಿವನಿಯ ಕಡೆ ಬರೋಣ. ಬೀರೂರಿನಿಂದ ಚಿಕ್ಕಜಾಜೂರಿಗೆ ಹೋಗುವ ರೈಲು ದಾರಿಯಲ್ಲಿ ಅಜ್ಜಂಪುರ ದಾಟಿದ ಮೇಲೆ ಸಿಗುವ ಹೋಬಳಿ ಊರು. ಮೊದಲು ತರೀಕೆರೆ ತಾಲ್ಲೂಕಿನಲ್ಲಿತ್ತು, ಈಗ ಅಜ್ಜಂಪುರಕ್ಕೆ ಸೇರಿದೆ. ಈ ಸೀಮೆಯಲ್ಲಿ ನೀರೆತ್ತುವ ಕೆಲಸ ಎರಡು ಗಾತ್ರದಲ್ಲಿ ನಡೆಯುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಶಾಂತಿಪುರ, ಬೆಟ್ಟತಾವರೆಕೆರೆಯ ಪಂಪ್‌ಹೌಸುಗಳಲ್ಲಿ ಮೇಲೇರಿ, ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರಿನ ಸುರಂಗ ಹೊಕ್ಕು ಆಚೆ ಬರುತ್ತದೆ. ಅದು ದೊಡ್ಡದು. ಚಿಕ್ಕದು ತೋಟದ್ದು. ತೆಂಗು, ಅಡಿಕೆಯ ಪಕ್ಕದ ಕೃಷಿ ಹೊಂಡಕ್ಕೋ ಕೆರೆಯ ಅಂಚಿಗೋ ಮೂರಿಂಚಿನ ಸಕ್ಷನ್ ಪೈಪು ಇಳಿಬಿಟ್ಟು ಐದು ಎಚ್‌ಪಿ ಮೋಟರು ಹಾಕಿರುತ್ತಾರೆ. ಬೇಸಿಗೆಯಲ್ಲಿ ನೀರು ತಗ್ಗುತ್ತಾ ಬಂದಂತೆ ಒಂದು ದಿನ ಪೈಪಿನ ಬಾಯಿಯ ಮೇಲೆ ಸುಳಿ ಬೀಳುತ್ತದೆ. ಮೊದಲು ನೀರ ಮೇಲೆ ಸಣ್ಣ ಗುಳಿ, ಆಮೇಲೆ ಅದು ಬಾಲ ಬಿಟ್ಟು ಕೆಳಗಿಳಿದು ಪೈಪಿನ ಬಾಯಿ ಮುಟ್ಟುತ್ತದೆ. ಮೋಟರಿನ ಸದ್ದು ಬದಲಾಗುತ್ತದೆ, ಡೆಲಿವರಿಯಲ್ಲಿ ನೀರು ಬಿಕ್ಕಳಿಸುತ್ತದೆ. ‘ಮೋಟ್ರು ಗಾಳಿ ಎಳೀತೈತೆ’ ಎನ್ನುತ್ತಾರೆ. ಬೇಗ ಆಫ್ ಮಾಡದಿದ್ದರೆ ಪ್ರೈಮ್ ಬಿಟ್ಟು ಒಣಗಿ ಓಡುತ್ತದೆ.

ಪ್ರಶ್ನೆ ಇಷ್ಟು: ಪೈಪಿನ ಬಾಯಿಯ ಮೇಲೆ ಕನಿಷ್ಠ ಎಷ್ಟು ನೀರು ನಿಂತಿದ್ದರೆ ಸುಳಿ ಗಾಳಿ ಎಳೆಯುವುದಿಲ್ಲ? ಹೊಂಡಕ್ಕೂ ಇದೇ ಪ್ರಶ್ನೆ, ಪಂಪ್‌ಹೌಸಿಗೂ ಇದೇ. ಸುಳಿಯ ಚಲನೆಯ ಸಮೀಕರಣ ಬಿಡಿಸಿ ಉತ್ತರ ತೆಗೆಯುವುದು ಕಾಗದದ ಮೇಲೆ ಆಗುವ ಕೆಲಸವಲ್ಲ. ಇಂಥ ಹೊಸ ಸಮಸ್ಯೆ ಎದುರಾದಾಗಲೇ ಅಮೆರಿಕದ ಎಡ್ಗರ್ ಬಕಿಂಗ್‌ಹ್ಯಾಮ್ 1914ರಲ್ಲಿ ಬರೆದ ಲೇಖನದ ವಿಧಾನ ಕೈಗೆ ಬರುತ್ತದೆ. ಆಯಾಮವಿಲ್ಲದ ಗುಂಪುಗಳಿಗೆ ಅವನು ಗ್ರೀಕರ Π ಅಕ್ಷರ ಬಳಸಿದ್ದರಿಂದ ನಮ್ಮ ಹುಡುಗರು ಇವತ್ತಿಗೂ ಅವನ್ನು ‘ಪೈ ಟರ್ಮ್’ ಎನ್ನುತ್ತಾರೆ. ವೃತ್ತದ ಪೈಗೂ ಇದಕ್ಕೂ ಸಂಬಂಧವಿಲ್ಲ.

ಮೊದಲ ಹೆಜ್ಜೆ ಲೆಕ್ಕದ್ದಲ್ಲ, ತಿಳಿವಳಿಕೆಯದು. ಸುಳಿಯ ಮೇಲೆ ಯಾವುದರ ಪ್ರಭಾವವಿದೆ ಎಂದು ಪಟ್ಟಿ ಮಾಡಬೇಕು. ಬೇಕಾದ್ದು ಬಾಯಿಯ ಮೇಲಿನ ನೀರಿನ ಆಳ h. ಬಾಯಿಯ ವ್ಯಾಸ d, ಅದರೊಳಗೆ ಹೋಗುವ ನೀರಿನ ವೇಗ V. ಗುಳಿಯನ್ನು ಮುಚ್ಚಿಸಲು ಎಳೆಯುವ ಗುರುತ್ವ g. ನೀರಿನ ಸಾಂದ್ರತೆ ρ, ಸ್ನಿಗ್ಧತೆ μ, ಮೇಲ್ಮೈ ಎಳೆತ σ. ಒಟ್ಟು ಏಳು. ಇಲ್ಲಿ ವೇಗವನ್ನು ಪಂಪು ನಿರ್ಧರಿಸುತ್ತದೆ ಎಂಬುದು ನೆನಪಿರಲಿ. ಕೆರೆಯ ತೂಬಿನಲ್ಲಾದರೆ ಮೇಲಿನ ನೀರೇ ವೇಗವನ್ನು ನಿರ್ಧರಿಸುತ್ತದೆ. ಅಲ್ಲಿ h, V ಎರಡನ್ನೂ ಬೇರೆ ಬೇರೆ ಎಂದು ಬರೆದುಕೊಂಡರೆ ಒಂದೇ ಸಂಗತಿಯನ್ನು ಎರಡು ಸಲ ಎಣಿಸಿದಂತೆ.

ಎರಡನೇ ಹೆಜ್ಜೆ, ಪ್ರತಿಯೊಂದೂ ಯಾವ ಕಡೆ ಎಷ್ಟು ಚಾಚಿದೆ ಎಂದು ಬರೆಯುವುದು.

h : L
d : L
V : L T⁻¹
g : L T⁻²
ρ : M L⁻³
μ : M L⁻¹ T⁻¹
σ : M T⁻²

ಏಳು ರಾಶಿ, ಮೂರು ಮೂಲ ಆಯಾಮ. ಉಳಿಯುವುದು ನಾಲ್ಕು ಪೈ. ಏಳು ಸಂಗತಿಗಳ ನಡುವಿನ ಸಂಬಂಧ ನಾಲ್ಕರ ನಡುವಿನ ಸಂಬಂಧವಾಗಿ ಇಳಿಯಿತು. ಪ್ರಯೋಗ ಮಾಡುವವನಿಗೆ ಇದರ ಬೆಲೆ ಗೊತ್ತು, ವ್ಯಾಸ, ವೇಗ, ಸಾಂದ್ರತೆಗಳನ್ನು ಒಂದೊಂದಾಗಿ ಬದಲಿಸುತ್ತಾ ಕೂರಬೇಕಿಲ್ಲ.

ಮೂರನೇ ಹೆಜ್ಜೆಯಲ್ಲಿ ಬರುವುದು ‘ಪುನರಾವರ್ತಿತ ಚರಗಳು’, ತರಗತಿಯ ಮಾತಿನಲ್ಲಿ ರಿಪೀಟಿಂಗ್ ವೇರಿಯಬಲ್ಸ್. ಹೆಸರು ಕೇಳಿದರೆ ಇವೇನೋ ಮುಖ್ಯಸ್ಥರು ಅನ್ನಿಸುತ್ತದೆ. ಹಾಗಲ್ಲ, ಇವು ಊರಿನ ಮನೆಮನೆಗೂ ಎರವಲು ಹೋಗುವ ಸೇರು, ಬಳ್ಳಗಳಂತೆ: ಉಳಿದ ಒಂದೊಂದು ರಾಶಿಯನ್ನೂ ಇವುಗಳಿಂದಲೇ ಅಳೆಯುತ್ತೇವೆ, ಆದ್ದರಿಂದ ಗುಂಪುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಮೀಟರು, ಸೆಕೆಂಡು, ಕಿಲೋಗಳನ್ನು ಬಿಟ್ಟು ಸಮಸ್ಯೆಯೊಳಗಿನಿಂದಲೇ ಅಳತೆಗೋಲನ್ನು ಆರಿಸಿಕೊಳ್ಳುವುದು ಇಲ್ಲಿನ ಜಾಣತನ. ಉದ್ದಕ್ಕೆ ಬಾಯಿಯ ವ್ಯಾಸ d. ಕಾಲಕ್ಕೆ ವೇಗ V, ಏಕೆಂದರೆ d/V ಎಂದರೆ ನೀರು ಒಂದು ವ್ಯಾಸದಷ್ಟು ದೂರ ಸಾಗಲು ಬೇಕಾದ ಹೊತ್ತು. ದ್ರವ್ಯರಾಶಿಗೆ ಸಾಂದ್ರತೆ ρ.

h ಅನ್ನೂ ಉದ್ದವೇ ತಾನೆ ಎಂದು ಅಳತೆಗೋಲಾಗಿ ಆರಿಸಬಾರದು. ತಪ್ಪೇನಿಲ್ಲ, ಆದರೆ ಹುಡುಕುತ್ತಿರುವುದೇ ಎಲ್ಲ ಗುಂಪಿನಲ್ಲೂ ಹಂಚಿಹೋಗಿ ಕೊನೆಗೆ ಅದನ್ನು ಬಿಡಿಸಿ ತೆಗೆಯಲು ಹೆಣಗಬೇಕಾಗುತ್ತದೆ. ನಿಜವಾದ ತಪ್ಪು ಬೇರೆ. d, V, g ಮೂರನ್ನು ಆರಿಸಿಕೊಳ್ಳುವ ಹುಡುಗರಿದ್ದಾರೆ. ಮೂರೂ ಸಮಸ್ಯೆಗೆ ಮುಖ್ಯವಾದವೇ. ಆದರೆ V²/gd ತಾನೇ ಆಯಾಮವಿಲ್ಲದ್ದು, ಅಂದರೆ ಮೂವರಲ್ಲಿ ಒಬ್ಬ ಉಳಿದಿಬ್ಬರ ನೆರಳು. ದ್ರವ್ಯರಾಶಿಯಂತೂ ಯಾರ ಕೈಯಲ್ಲೂ ಇಲ್ಲ. ಗೊತ್ತಾಗುವುದು ಹೇಗೆ? ಮುಂದೆ μ ಅನ್ನು ಅಳೆಯಲು ಹೋದಾಗ M ನ ಸಾಲಿನಲ್ಲಿ 1 = 0 ಎಂದು ಬರುತ್ತದೆ. ಲೆಕ್ಕ ಅಲ್ಲೇ ನಿಲ್ಲುತ್ತದೆ.

ಸರಿಯಾದ ಮೂರನ್ನು ಹಿಡಿದು ಮುಂದೆ ಹೋಗೋಣ. h ಗೆ ಕಷ್ಟವಿಲ್ಲ, ಅದನ್ನು d ಯಿಂದ ಭಾಗಿಸಿದರೆ ಮೊದಲ ಪೈ: h/d. ಎರಡನೆಯದು g ನದು. g ಅನ್ನು d, V, ρ ಗಳ ಯಾವುದೋ ಘಾತಗಳಿಂದ ಗುಣಿಸಿ ಆಯಾಮವನ್ನೆಲ್ಲ ಅಳಿಸಬೇಕು.

g · d^a · V^b · ρ^c

M ನ ಲೆಕ್ಕ: c = 0
T ಯ ಲೆಕ್ಕ: −2 − b = 0, ಆದ್ದರಿಂದ b = −2
L ನ ಲೆಕ್ಕ: 1 + a + b − 3c = 0, ಆದ್ದರಿಂದ a = 1

ಸಿಕ್ಕಿದ್ದು gd/V². ತಲೆಕೆಳಗು ಮಾಡಿ ವರ್ಗಮೂಲ ತೆಗೆದರೆ V/√(gd), ಹೈಡ್ರಾಲಿಕ್ಸ್‌ನವರ ಫ್ರೌಡ್ ಸಂಖ್ಯೆ. ಪೈ ಅನ್ನು ತಲೆಕೆಳಗು ಮಾಡಿದರೂ, ವರ್ಗ ಮಾಡಿದರೂ ಅದು ಪೈ ಆಗಿಯೇ ಉಳಿಯುತ್ತದೆ. ಇದೇ ರೀತಿ μ ಗೆ ಮಾಡಿದರೆ c = −1, b = −1, a = −1; ಬರುವುದು μ/(ρVd), ರೆನಾಲ್ಡ್ಸ್ ಸಂಖ್ಯೆಯ ತಲೆಕೆಳಗು. σ ಗೆ c = −1, b = −2, a = −1; ಬರುವುದು σ/(ρV²d), ವೆಬರ್ ಸಂಖ್ಯೆಯ ತಲೆಕೆಳಗು. ನಾಲ್ಕೂ ಆಯಿತು:

h/d = f( V/√(gd), ρVd/μ, ρV²d/σ )

ವಿಧಾನ ಇಲ್ಲಿಗೆ ಮುಗಿಯುತ್ತದೆ. f ಯಾವ ಆಕಾರದ್ದು ಎಂದು ಅದು ಹೇಳುವುದಿಲ್ಲ, ಹೇಳಲಾರದು. ಅದಕ್ಕೆ ನೀರಿಗೆ ಇಳಿಯಬೇಕು.

ಇಳಿಯುವ ಮೊದಲು ಸ್ವಲ್ಪ ಅಂಕಿ ಹಾಕಿ ನೋಡಬಹುದು. ಮೂರಿಂಚು, ಅಂದರೆ 75 ಮಿಲಿಮೀಟರಿನ ಬಾಯಿಯಲ್ಲಿ ಸೆಕೆಂಡಿಗೆ ಹತ್ತು ಲೀಟರು ಎಳೆದರೆ ವೇಗ ಸೆಕೆಂಡಿಗೆ 2.26 ಮೀಟರು. ರೆನಾಲ್ಡ್ಸ್ ಸಂಖ್ಯೆ ಸುಮಾರು 1,70,000, ವೆಬರ್ ಸಂಖ್ಯೆ ಸುಮಾರು 5,300. ಇಷ್ಟು ದೊಡ್ಡದಾದಾಗ ನೀರಿನ ಅಂಟಿಗೂ ಮೇಲ್ಮೈಯ ಬಿಗಿತಕ್ಕೂ ಹೇಳಿಕೊಳ್ಳುವಂಥ ದನಿ ಇರುವುದಿಲ್ಲ. ಆ ಎರಡು ಪೈಗಳನ್ನು ಕೈಬಿಡಬಹುದು. μ, σ ಹೋದರೆ ಪಟ್ಟಿಯಲ್ಲಿ M ಇರುವುದು ρ ಒಂದರಲ್ಲೇ. ಅದರ M ಅನ್ನು ಅಳಿಸಲು ಜೊತೆ ಇಲ್ಲ, ಹಾಗಾಗಿ ಸಾಂದ್ರತೆಯೂ ತಾನಾಗಿ ಹೊರಬೀಳುತ್ತದೆ. ಹೊಂಡದ ನೀರು ತಿಳಿಯಾಗಿರಲಿ, ಕೆಸರು ಕಲಸಿ ತುಸು ಭಾರವಾಗಿರಲಿ, ಸುಳಿಗೆ ಅದರ ಲೆಕ್ಕವಿಲ್ಲ. ಪ್ರಯೋಗ ಮಾಡದೆ, ಬರೀ ಅಕ್ಷರ ಎಣಿಸಿ ತಿಳಿದದ್ದು ಇದು. ಉಳಿದದ್ದು:

h/d = f( V/√(gd) )

ನೀರಿಗಿಳಿದು ನೋಡಿದವರಲ್ಲಿ ಹೆಸರಾದವನು ಜೆ. ಎಲ್. ಗಾರ್ಡನ್. ಜಲವಿದ್ಯುತ್ ಸ್ಥಾವರಗಳ 29 ನೀರು ಬಾಯಿಗಳನ್ನು ಪರಿಶೀಲಿಸಿ 1970ರಲ್ಲಿ ಅವನು ಒಂದು ಸೂತ್ರ ಕೊಟ್ಟ: h = C V √d. ಇಂಜಿನಿಯರುಗಳ ಕೈಪಿಡಿಗಳಲ್ಲಿ ಈಗಲೂ ಅದು ಇದೆ. ಆದರೆ C ಎಷ್ಟು? ಅಡಿಯಲ್ಲಿ ಲೆಕ್ಕ ಮಾಡುವವರ ಪುಸ್ತಕದಲ್ಲಿ 0.3, ಮೀಟರಿನವರ ಪುಸ್ತಕದಲ್ಲಿ 0.54. ನೀರು ನೇರ ಬಂದರೆ ಇದು. ಓರೆಯಾಗಿ ಬಂದರೆ ಅಡಿಯಲ್ಲಿ 0.4, ಮೀಟರಿನಲ್ಲಿ 0.72.

ಖಂಡುಗದ ವಾಸನೆ ಬರುತ್ತಿಲ್ಲವೆ? ಒಂದೇ ಸುಳಿಗೆ ಅಡಿಯ ಊರಿನಲ್ಲಿ ಒಂದು ಅಂಕಿ, ಮೀಟರಿನ ಊರಿನಲ್ಲಿ ಇನ್ನೊಂದು. ಆಯಾಮ ನೋಡಿದರೆ ಗುಟ್ಟು ತಿಳಿಯುತ್ತದೆ. ಎಡಗಡೆ ಬರೀ L. ಬಲಗಡೆ V√d ಎಂದರೆ L ನ ಒಂದೂವರೆ ಮಡಿ, T ಯ ಋಣ ಒಂದು ಮಡಿ. ಸಮ ಆಗಬೇಕಾದರೆ C ಬರೀ ಅಂಕಿಯಾಗಿರಲು ಸಾಧ್ಯವಿಲ್ಲ, ಅದರೊಳಗೆ 1/√g ಅಡಗಿದೆ. ಹೊರಗೆ ಎಳೆದು ನೋಡೋಣ. ಅಡಿಯಲ್ಲಿ g 32.2, ಅದರ ವರ್ಗಮೂಲ 5.67; ಅದನ್ನು 0.3 ರಿಂದ ಗುಣಿಸಿದರೆ 1.70. ಮೀಟರಿನಲ್ಲಿ g 9.81, ವರ್ಗಮೂಲ 3.13, 0.54 ರಿಂದ ಗುಣಿಸಿದರೆ 1.69. ಓರೆ ನೀರಿಗೆ 0.4 ರಿಂದ 2.27, 0.72 ರಿಂದ 2.26. ಜಗಳ ಮುಗಿಯಿತು. ಗಾರ್ಡನ್ ಸೂತ್ರದ ನಿಜರೂಪ:

h/d = 1.7 · V/√(gd)

ನಾವು ಅಕ್ಷರ ಎಣಿಸಿ ಕಟ್ಟಿದ ಚೌಕಟ್ಟಿನೊಳಗೆ ಅವನ 29 ಬಾಯಿಗಳೂ ಕೂತವು. ಅವನ ಸೂತ್ರ ಹೇಳುತ್ತಿದ್ದದ್ದು, f ಎಂಬುದು ಸುಮ್ಮನೆ ಒಂದು ನೇರ ಗೆರೆ ಎಂದು.

ಇದನ್ನು ಹೊಂಡಕ್ಕೆ ತಂದರೆ, ಮೂರಿಂಚಿನ ಬಾಯಿಗೆ ನೀರು ನೇರ ಬಂದಾಗ 33 ಸೆಂಟಿಮೀಟರು, ಓರೆ ಬಂದಾಗ 45 ಸೆಂಟಿಮೀಟರು ನೀರು ಮೇಲಿರಬೇಕು. ಗಾರ್ಡನ್ ನೋಡಿದ್ದು ಅಡ್ಡ ಮುಖದ ದೊಡ್ಡ ಬಾಯಿಗಳನ್ನು. ಜಾಲರಿ ಕಟ್ಟಿದ, ಕೆಳಮುಖವಾದ ಫುಟ್‌ವಾಲ್ವ್ ಆಕಾರವೇ ಬೇರೆ. ಆದ್ದರಿಂದ 1.7 ಎಂಬ ಅಂಕಿಯನ್ನು ಇಲ್ಲಿ ಅಂದಾಜು ಎಂದಷ್ಟೇ ನಂಬಬೇಕು. ಆದರೆ ಚೌಕಟ್ಟನ್ನು ನಂಬಬಹುದು. ಹತ್ತು ಲೀಟರು ಹತ್ತು ಲೀಟರಾಗಿಯೇ ಇರಲಿ, ಬಾಯಿಗೆ ಮಾತ್ರ ಆರಿಂಚಿನ ತುತ್ತೂರಿ ಮೊಗ ಕೂರಿಸಿದರೆ ವೇಗ ನಾಲ್ಕನೇ ಒಂದಕ್ಕೆ ಇಳಿದು, ಬೇಕಾದ ಆಳ 33 ರಿಂದ 12 ಸೆಂಟಿಮೀಟರಿಗೆ ಬರುತ್ತದೆ. ಬೇಸಿಗೆಯ ಕೊನೆಯ ನೀರು ಎತ್ತುವವನಿಗೆ ಆ ಒಂದು ಗೇಣು ಸಣ್ಣದಲ್ಲ. ಗಾಳಿ ಸುಳಿಯಿಂದ ಬರುತ್ತಿದೆಯೋ ಪೈಪಿನ ಜಾಯಿಂಟಿನಿಂದಲೋ ಎಂದು ಅನುಮಾನವಿದ್ದರೆ ಡೆಲಿವರಿ ವಾಲ್ವನ್ನು ಅರ್ಧ ತಿರುಗಿಸಿ. ವೇಗ ಇಳಿದರೆ ಫ್ರೌಡ್ ಸಂಖ್ಯೆ ಇಳಿದು ಸುಳಿಯ ಬಾಲ ಮೇಲೇರುತ್ತದೆ, ನೀರು ನೆಟ್ಟಗಾಗುತ್ತದೆ. ಸುಳಿ ಮುಚ್ಚಿದ ಮೇಲೂ ಬಿಕ್ಕಳಿಕೆ ನಿಲ್ಲದಿದ್ದರೆ ಜಾಯಿಂಟನ್ನು ನೋಡಬೇಕು.

ದೊಡ್ಡ ಪಂಪ್‌ಹೌಸಿನಲ್ಲಿ ಹೀಗೆ ವಾಲ್ವು ತಿರುಗಿಸಿ ನೋಡುವಂತಿಲ್ಲ. ಅಲ್ಲಿ ಚಿಕ್ಕ ಮಾದರಿ ಕಟ್ಟಿ ನೋಡುತ್ತಾರೆ. ಕೃಷ್ಣರಾಜಸಾಗರದಲ್ಲಿರುವ ಕರ್ನಾಟಕ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರದ ಕೆಲಸಗಳಲ್ಲಿ ಇಂಥ ಜಲಮಾದರಿಗಳದೂ ಒಂದು. ಮಾದರಿಯ ನೀರು ನಿಜದ ನೀರಿನಂತೆ ವರ್ತಿಸಬೇಕಾದರೆ ಎರಡರ ಪೈಗಳೂ ಒಂದೇ ಆಗಿರಬೇಕು. ಎರಡು ಮೀಟರು ವ್ಯಾಸದ, ಸೆಕೆಂಡಿಗೆ ಎರಡು ಮೀಟರು ವೇಗದ ಒಂದು ಬಾಯಿಯನ್ನು ಇಪ್ಪತ್ತನೇ ಒಂದಕ್ಕೆ ಇಳಿಸಿದೆವು ಎನ್ನಿ. ಫ್ರೌಡ್ ಸಂಖ್ಯೆ ಸರಿಹೊಂದಲು ವೇಗವನ್ನು √20 ರಿಂದ ಭಾಗಿಸಬೇಕು, ಅಂದರೆ ಸೆಕೆಂಡಿಗೆ 45 ಸೆಂಟಿಮೀಟರು. ಆದರೆ ನೀರು ಅದೇ ನೀರು. ಅದರ ಅಂಟನ್ನು ಮಾದರಿಗೆ ತಕ್ಕಂತೆ ಇಳಿಸಲು ಬರುವುದಿಲ್ಲ. ರೆನಾಲ್ಡ್ಸ್ ಸಂಖ್ಯೆ 40 ಲಕ್ಷದಿಂದ 45 ಸಾವಿರಕ್ಕೆ ಕುಸಿಯುತ್ತದೆ, ವೆಬರ್ ಸಂಖ್ಯೆ ಒಂದು ಲಕ್ಷದ ಮೇಲಿದ್ದದ್ದು 300 ರ ಒಳಗೆ ಬರುತ್ತದೆ. ನಿಜದಲ್ಲಿ ಸುಮ್ಮನಿದ್ದ ಅಂಟು, ಬಿಗಿತ ಎರಡೂ ಮಾದರಿಯಲ್ಲಿ ಬಾಯಿ ತೆರೆದು ಸುಳಿಯನ್ನು ಅದುಮಿಡತೊಡಗುತ್ತವೆ. ಮಾದರಿಯಲ್ಲಿ ಬರೀ ಗುಳಿ ಕಂಡು ನೆಮ್ಮದಿಯಾದವರಿಗೆ ನಿಜದಲ್ಲಿ ಗಾಳಿ ಎಳೆಯುವ ಸುಳಿ ಕಾದಿರಬಹುದು. ಅದಕ್ಕಾಗಿಯೇ ಮಾದರಿ ಕಟ್ಟುವವರು ರೆನಾಲ್ಡ್ಸ್ ಸಂಖ್ಯೆ ಕೆಲವು ಹತ್ತು ಸಾವಿರಕ್ಕಿಂತ ಕೆಳಗೆ ಹೋಗದಷ್ಟು ದೊಡ್ಡ ಮಾದರಿ ಕಟ್ಟುತ್ತಾರೆ. ಬೇಕೆಂದೇ ವೇಗ ಹೆಚ್ಚಿಸಿ ನೋಡುವುದೂ ಉಂಟು.

ಈ ಲೆಕ್ಕದಲ್ಲಿ ಒಂದು ಸಂಗತಿಯನ್ನು ನಾನು ಇಲ್ಲಿಯವರೆಗೆ ಪಟ್ಟಿಗೆ ಸೇರಿಸಿಲ್ಲ. ಓದುಗರಲ್ಲಿ ಯಾರಾದರೂ ಆಗಲೇ ಹಿಡಿದಿರಬಹುದು: ನೀರು ನೇರ ಬಂದರೆ 1.7, ಓರೆ ಬಂದರೆ 2.3 ಎಂದೆವಲ್ಲ, ಆ ಓರೆ ಎಲ್ಲಿಂದ ಬಂತು? ನಮ್ಮ ಏಳರಲ್ಲಿ ಅದಕ್ಕೆ ಹೆಸರೇ ಇಲ್ಲ. ಆಯಾಮ ವಿಶ್ಲೇಷಣೆಯ ದೊಡ್ಡ ದೋಷ ಇದು. ಪಟ್ಟಿಯಲ್ಲಿ ಒಂದನ್ನು ಬಿಟ್ಟರೆ ಲೆಕ್ಕ ದೂರುವುದಿಲ್ಲ, ಘಾತಗಳೆಲ್ಲ ಸರಿಯಾಗಿಯೇ ಬರುತ್ತವೆ, ಸಮೀಕರಣ ಅಚ್ಚುಕಟ್ಟಾಗಿಯೇ ಕಾಣುತ್ತದೆ. ದೂರು ಬರುವುದು ಪ್ರಯೋಗದಿಂದ. h/d ಯನ್ನು ಫ್ರೌಡ್ ಸಂಖ್ಯೆಯ ಎದುರು ಹಚ್ಚಿದಾಗ ಚುಕ್ಕಿಗಳೆಲ್ಲ ಒಂದೇ ಗೆರೆಯ ಮೇಲೆ ಕೂರಬೇಕಿತ್ತು. ಬದಲಿಗೆ ಒಂದು ಹೊಂಡದ ಚುಕ್ಕಿಗಳು ಒಂದು ಗೆರೆಯಲ್ಲಿ, ಇನ್ನೊಂದರವು ಬೇರೆ ಗೆರೆಯಲ್ಲಿ ಕೂತರೆ ಯಾರೋ ಪಂಕ್ತಿಯಿಂದ ಹೊರಗುಳಿದಿದ್ದಾರೆ ಎಂದರ್ಥ. ಚುಕ್ಕಿಗಳು ಅಷ್ಟಿಷ್ಟು ಚದುರಿದ್ದರೆ ಅದು ಅಳತೆಯ ತಪ್ಪು. ಹೊಂಡಕ್ಕೊಂದರಂತೆ ಶಿಸ್ತಾಗಿ ಬೇರೆಯಾಗಿದ್ದರೆ ಪಟ್ಟಿಯ ತಪ್ಪು.

ಇಲ್ಲಿ ಹೊರಗುಳಿದದ್ದು ಬಾಯಿಗೆ ಬರುವ ಮೊದಲೇ ನೀರಿನಲ್ಲಿರುವ ಸುತ್ತು. ಹೊಂಡದ ಮೂಲೆಯಲ್ಲಿ ಪೈಪು ಇಳಿಸಿದರೆ, ಒಂದು ಕಡೆ ದಡ ಹತ್ತಿರವಿದ್ದು ಇನ್ನೊಂದು ಕಡೆ ದೂರವಿದ್ದರೆ, ನೀರು ತಿರುಗುತ್ತಲೇ ಬರುತ್ತದೆ. ಆ ಸುತ್ತಿನ ಪ್ರಮಾಣಕ್ಕೆ Γ ಎಂದು ಹೆಸರಿಡುತ್ತಾರೆ. ವೇಗವನ್ನು ಸುತ್ತಳತೆಯಿಂದ ಗುಣಿಸಿದ್ದು, ಹಾಗಾಗಿ L² T⁻¹. ಅದೇ ಅಳತೆಗೋಲುಗಳಿಂದ ಅದನ್ನೂ ಅಳೆಯೋಣ: M ನಿಂದ c = 0, T ಯಿಂದ b = −1, L ನಿಂದ a = −1. ಐದನೇ ಪೈ, Γ/(Vd). ಗಾರ್ಡನ್‌ನ ಎರಡು ಗುಣಾಂಕಗಳು ಈ ಐದನೆಯದರ ಎರಡು ಬೆಲೆಗಳ ನೆರಳು. ಅವನಿಗೆ ಸುತ್ತನ್ನು ಅಳೆಯಲು ಆಗಿರಲಿಲ್ಲ, ನೇರ–ಓರೆ ಎಂದು ಎರಡು ಪಾಲು ಮಾಡಿದ.

ಈ ಐದನೇ ಪೈ ತಿಳಿದ ಮೇಲೆ ತೋಟದಲ್ಲಿ ಮಾಡಬಹುದಾದದ್ದು ಇನ್ನೊಂದಿದೆ. ಬಾಯಿಯ ಸುತ್ತ ಅಡ್ಡಹಲಗೆ ನಿಲ್ಲಿಸಿದರೆ ಅಥವಾ ಪೈಪಿನ ಮೇಲಿನ ನೀರಿನಲ್ಲಿ ಮರದ ಚೌಕಟ್ಟೊಂದನ್ನು ತೇಲಿಬಿಟ್ಟರೆ ಫ್ರೌಡ್ ಸಂಖ್ಯೆ ಬದಲಾಗುವುದಿಲ್ಲ. ರೆನಾಲ್ಡ್ಸ್, ವೆಬರ್ ಕೂಡ ಇದ್ದಲ್ಲೇ ಇರುತ್ತವೆ. ಪಂಪೂ ಅದೇ, ನೀರಿನ ಮಟ್ಟವೂ ಅದೇ. Γ ಮಾತ್ರ ತಗ್ಗುತ್ತದೆ, ಸುಳಿ ಬಾಲ ಕಳಚಿಕೊಂಡು ಮತ್ತೆ ಗುಳಿಯಾಗುತ್ತದೆ. ದೊಡ್ಡ ಜಲಸ್ಥಾವರಗಳ ಬಾಯಿಯ ಮೇಲೂ ತೇಲು ತೆಪ್ಪ ಕಟ್ಟುವುದು ಇದಕ್ಕಾಗಿಯೇ.